ಫೋನ್ ಹಿಡಿದವಳ ಮೂಗು

ಸೆಲ್ಫಿಯಲ್ಲಿ ಒಂದು ಕ್ರೂರ ನ್ಯಾಯವಿದೆ. ಫೋನ್ ಹಿಡಿದವರ ಮುಖವೇ ಎಲ್ಲರಿಗಿಂತ ದೊಡ್ಡದಾಗಿ ಬೀಳುತ್ತದೆ. ಆ ನ್ಯಾಯಕ್ಕೆ ಹೆದರಿ ನಾನು ಎರಡು ವರ್ಷ ಮದುವೆ, ಮುಂಜಿ, ಸೀಮಂತ ಎಲ್ಲಿ ಹೋದರೂ ಯಾರ ಗುಂಪಿನಲ್ಲೂ ಫೋನ್ ಹಿಡಿಯಲಿಲ್ಲ. ಕಾರಣ ನನ್ನ ಮೂಗು.

ಮೂಗಿನ ಚರಿತ್ರೆ ಹೇಳಿಯೇ ಮುಂದೆ ಹೋಗುತ್ತೇನೆ. ನಾನು ಬೆಳೆದದ್ದು ತುಂಗಭದ್ರಾ ಡ್ಯಾಂ ಕ್ವಾರ್ಟರ್ಸಿನಲ್ಲಿ. ಅಪ್ಪ ಕಾಲುವೆ ಆಫೀಸಿನಲ್ಲಿ ಗುಮಾಸ್ತರು. ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಗೆಳತಿಯರೆಲ್ಲ ವಗ್ಗರಣಿ ಮಂಡಕ್ಕಿ, ಮಿರ್ಚಿ ಬಜ್ಜಿ ತಿನ್ನಲು ನಿಂತಿದ್ದೆವು. ನಮ್ಮ ಕ್ಲಾಸಿನ ಚೆಲುವೆ, ಇಡೀ ಶಾಲೆಯ ಗಂಡುಹುಡುಗರು ಸೈಕಲ್ ನಿಲ್ಲಿಸಿ ನೋಡುತ್ತಿದ್ದವಳು, ತುದಿಯಲ್ಲಿ ಹಿಟ್ಟು ಗಂಟುಗಟ್ಟಿದ್ದ ಒಂದು ಬಜ್ಜಿಯನ್ನು ನನ್ನ ಮುಖದ ಪಕ್ಕ ಹಿಡಿದು, "ಲೇ, ನೋಡ್ರಲೇ, ಎರಡರಾಗ ಯಾವ್ದು ಮೂಗು ಹೇಳ್ರಿ!" ಅಂದಳು. ಅಲ್ಲಿಂದ ನಾನು ಬಜ್ಜಿ. ಹತ್ತನೆಯ ಕ್ಲಾಸ್ ಮುಗಿಯುವವರೆಗೂ ಬಜ್ಜಿ. ಒಮ್ಮೆ ಹಾಜರಿ ಕೂಗುವಾಗ ಮೇಷ್ಟ್ರ ಬಾಯಲ್ಲೂ ಅದೇ ಬಂದುಬಿಟ್ಟಿತ್ತು, ನಾನು ಎದ್ದು "ಎಸ್ ಸರ್" ಅಂದಿದ್ದೆ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಮದುವೆಯಾಗಿ ಕಂಪ್ಲಿಗೆ ಬಂದ ಮೇಲೆ ಆ ಹೆಸರು ಸತ್ತಿತು. ಅಕ್ಕಿ ಗಿರಣಿಯವರ ಸೊಸೆಯನ್ನು ಬಜ್ಜಿ ಎನ್ನುವ ಧೈರ್ಯ ಯಾರಿಗಿದೆ? ನೆಮ್ಮದಿಯಾಗಿದ್ದೆ. ಆಮೇಲೆ ಯಾರೋ ಪುಣ್ಯಾತ್ಮರು ನಮ್ಮ ಹತ್ತನೇ ಕ್ಲಾಸಿನ ವಾಟ್ಸಾಪ್ ಗ್ರೂಪ್ ಮಾಡಿದರು. ನನ್ನನ್ನು ಸೇರಿಸಿ ಒಂದು ನಿಮಿಷ ಆಗಿರಲಿಲ್ಲ, ಮೆಸೇಜ್ ಬಂತು: "ಬಜ್ಜಿ ಬಂದ್ಲು!" ಕಳಿಸಿದವಳು ಅವಳೇ. ಈಗ ಸಂಡೂರಿನಲ್ಲಿದ್ದಾಳೆ, ಗಂಡ ಗಣಿ ಆಫೀಸಿನಲ್ಲಿದ್ದಾನೆ. ಅವಳ ಡಿಪಿ ಒತ್ತಿ ದೊಡ್ಡದು ಮಾಡಿ ನೋಡಿದೆ. ಕಿಟಕಿಯ ಪಕ್ಕ ಕೂತು, ಮುಖವನ್ನು ಒಂದು ಕಡೆ ಹೊರಳಿಸಿ, ಹೊರಗೆ ನೋಡುತ್ತಿದ್ದಾಳೆ. ಅದೇ ಕೆನ್ನೆ, ಅದೇ ರೆಪ್ಪೆ. ವಯಸ್ಸು ಎಲ್ಲರ ಮನೆಗೂ ಬಂದು ಅವಳ ಮನೆಯನ್ನು ಮಾತ್ರ ಬಿಟ್ಟು ಹೋದಂತಿತ್ತು. ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ನಾನೂ ತೋರಿಸಬೇಕೆಂದು ಅಡುಗೆಮನೆಯಲ್ಲಿ ನಿಂತು, ಮುಖದಿಂದ ಗೇಣು ದೂರದಲ್ಲಿ ಫೋನ್ ಹಿಡಿದು, ಒಂದು ಸೆಲ್ಫಿ ತೆಗೆದೆ. ಆ ಚಿತ್ರದಲ್ಲಿ ಮೂಗು ಮೊದಲ ಬಸ್ಸಿಗೆ ಬಂದಿತ್ತು, ಮುಖ ಹಿಂದಿನ ಬಸ್ಸಿಗೆ ಬರುತ್ತಿತ್ತು. ಕಿವಿಗಳಂತೂ ಬಂದೇ ಇರಲಿಲ್ಲ.

ಹೊಸಪೇಟೆಯಲ್ಲಿ ಡಿಗ್ರಿ ಓದುವ ನನ್ನ ಮಗಳು ಅದನ್ನು ನೋಡಿ ನೆಲಕ್ಕೆ ಬಿದ್ದು ನಕ್ಕಳು. ಆಮೇಲೆ ಪಾಠ ಶುರು ಮಾಡಿದಳು.

"ಮಮ್ಮಿ, ನಿನ್ ಮೂಗಿಂದು ತಪ್ಪಿಲ್ಲ. ಫೋನಿಗೆ ಯಾವ್ದು ಹತ್ರ ಐತಿ ಅದು ದೊಡ್ಡದು ಕಾಣ್ತದ. ಗೇಣು ದೂರದಾಗ ಹಿಡಿದ್ರ ಮೂಗು ಹತ್ರ, ಕಿವಿ ದೂರ. ನೀನು ನಾಕು ಹೆಜ್ಜಿ ಹಿಂದಕ್ಕ ಹೋದ್ರ ಮೂಗಿಗೂ ಕಿವಿಗೂ ಎಲ್ಲಿ ಅಷ್ಟು ಫರಕು ಉಳಿತದ?"

"ಅಷ್ಟು ದೂರದಾಗ ನಾನು ಇರುವಿ ಹಂಗ ಕಾಣ್ತೀನಲೇ."

"ಆಮೇಲೆ ಝೂಮ್ ಮಾಡು, ಇಲ್ಲಾಂದ್ರ ಕಟ್ ಮಾಡು. ಮೊದಲು ಹಿಂದಕ್ಕ ಸರಿ."

ಹಾಗೆ ನಾನು ವಿದ್ಯಾವಂತೆಯಾದೆ. ಫೋನನ್ನು ಅಕ್ಕಿಚೀಲದ ಮೇಲೆ ಒರಗಿಸಿ, ಹತ್ತು ಸೆಕೆಂಡಿನ ಟೈಮರ್ ಇಟ್ಟು, ಓಡಿಹೋಗಿ ನಿಲ್ಲುವುದು. ಒಂದು ಚೀಲ ಸಾಲದು, ಎರಡು ಚೀಲ. ಯಾಕೆಂದರೆ ಫೋನ್ ಕಣ್ಣಿಗಿಂತ ತುಸು ಮೇಲಿರಬೇಕು. ಕೆಳಗಿನಿಂದ ತೆಗೆದರೆ ಮೂಗಿನ ಹೊಳ್ಳೆಯೂ ಕತ್ತಿನ ಮಡಿಕೆಯೂ ಮುಂದೆ ಬಂದು ನಮಸ್ಕಾರ ಮಾಡುತ್ತವೆ. ತೀರಾ ಮೇಲಿಟ್ಟರೆ ಹಣೆ ಹಿಗ್ಗಿ ಗದ್ದ ಕರಗುತ್ತದೆ. ನೆತ್ತಿಯ ಮೇಲಿನ ಟ್ಯೂಬ್‌ಲೈಟ್ ಕಣ್ಣಿನ ಕೆಳಗೆ ಮಸಿ ಬಳಿಯುತ್ತದೆ, ಅದಕ್ಕೆ ಅದನ್ನು ಆರಿಸಿ ಕಿಟಕಿಗೆ ಮುಖ ಮಾಡಬೇಕು. ಕಿಟಕಿಗೆ ಬೆನ್ನು ಹಾಕಿದರೆ ಮುಖ ಹಂಚಿನಂತೆ ಕಪ್ಪು. ಇಷ್ಟೆಲ್ಲ ಕಲಿತು ತೆಗೆದ ಫೋಟೋವನ್ನು ಗ್ರೂಪಿಗೆ ಹಾಕಿದಾಗ ಒಬ್ಬ ಸಹಪಾಠಿ, "ಯಾರ್ರೀ ಇವ್ರು?" ಎಂದು ಕೇಳಿದ. ಅವನ ಮೇಲೆ ನನಗೆ ಇವತ್ತಿಗೂ ಅಭಿಮಾನ.

ಗಂಡ ಮಾತ್ರ, "ಗಿರಣಿ ಚೀಲ ಎಲ್ಲ ನಿನ್ ಮೂಗಿಗೇ ಆದ್ರ ಲಾರಿಗೆ ಏನ್ ಹಾಕ್ಲಿ?" ಅನ್ನುತ್ತಿದ್ದರು. ಅನ್ನಲಿ. ಗ್ರೂಪಿನಲ್ಲಿ ಬಜ್ಜಿ ಎನ್ನುವ ಶಬ್ದ ಕಡಿಮೆಯಾಗುತ್ತಾ ಬಂತು, ನನಗೆ ಅಷ್ಟು ಸಾಕಿತ್ತು. ಸಂಡೂರಿನವಳೂ ಆಗಾಗ ಫೋಟೋ ಹಾಕುತ್ತಿದ್ದಳು. ಎಲ್ಲದರಲ್ಲೂ ಅದೇ ಕಿಟಕಿ, ಅದೇ ಅರ್ಧ ಮುಖ, ನಗುವಿಲ್ಲದ ಗಾಂಭೀರ್ಯ. ಕೊಬ್ಬು ನೋಡು, ನಮ್ಮ ಕಡೆ ತಿರುಗಿ ನೋಡಲೂ ಒಲ್ಲಳು ಎಂದುಕೊಳ್ಳುತ್ತಿದ್ದೆ.

ಆಮೇಲೆ ಬಂತು ಗ್ರಹಚಾರ. ಎಲ್ಲರೂ ಒಂದು ಭಾನುವಾರ ಹಂಪಿಯಲ್ಲಿ ಸೇರುವುದೆಂದು ತೀರ್ಮಾನವಾಯಿತು. ಅಕ್ಕಿಚೀಲ ಹೊತ್ತುಕೊಂಡು ಹಂಪಿಗೆ ಹೋಗಲಾಗುತ್ತದೆಯೇ? ಉಪಾಯ ಮಾಡಿಕೊಂಡೆ. ಎಲ್ಲ ಫೋಟೋದಲ್ಲೂ ಹಿಂದಿನ ಸಾಲು. ಸಾಲಿನ ತುದಿಯಲ್ಲಿ ನಿಲ್ಲಬಾರದು, ಸೆಲ್ಫಿಯಲ್ಲಿ ಅಂಚಿಗೆ ಬಿದ್ದ ಮುಖ ರಬ್ಬರಿನ ಹಾಗೆ ಎಳೆದುಕೊಳ್ಳುತ್ತದೆ. ಪ್ರಾಣ ಹೋದರೂ ಫೋನ್ ಹಿಡಿಯಬಾರದು. ಅವಳ ಬಾಯಲ್ಲಿ ಆ ಹೆಸರು ಇನ್ನೊಮ್ಮೆ ಬರದೆ ಮನೆ ಸೇರಿದರೆ ಗೆದ್ದಂತೆ.

ಹನ್ನೊಂದು ಮಂದಿ ಬಂದೆವು. ಅವಳು ಎಲ್ಲರಿಗಿಂತ ಕೊನೆಗೆ ಬಂದಳು, ಸೆರಗನ್ನು ಬಲಗೆನ್ನೆಗೆ ಎಳೆದುಕೊಂಡು. ಬಿಸಿಲಿಗೆ ಇರಬೇಕು ಅಂದುಕೊಂಡೆ. ಗಾಳಿಗೆ ಸೆರಗು ಸರಿಯಿತು. ಮುಖದ ಬಲಭಾಗ ಕೆಳಗೆ ಜಾರಿತ್ತು. ಬಾಯಿಯ ತುದಿ ಇಳಿದಿತ್ತು, ಬಲಗಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ. ಎಲ್ಲರೂ ಒಮ್ಮೆಲೇ ಬಿಸಿಲಿನ ಬಗ್ಗೆ ಮಾತಾಡತೊಡಗಿದರು.

ಅವಳೇ ನನ್ನ ಪಕ್ಕ ಬಂದು ಕೂತು ಹೇಳಿದಳು. "ಲಕ್ವಾ ಹೊಡೀತಲೇ, ಮುಖಕ್ಕ ಅಷ್ಟ. ಒಂದು ಮುಂಜಾನೆ ಬಾಯಿ ಮುಕ್ಕಳಿಸಾಕ ಹೋದ್ರ ನೀರು ಒಂದು ಕಡೆಯಿಂದ ಸೋರಾಕತ್ತಿತು. ಔಷಧ ತಗೊಂಡೆ, ಭಾಳ ಮಂದಿಗೆ ಪೂರಾ ಹೋಗ್ತದಂತ, ನನಗ ಇಷ್ಟು ಉಳೀತು. ಕನ್ನಡಿಯಾಗ ನೋಡಿ ನೋಡಿ ರೂಢಿ ಆಗೇದ. ಫೋಟೋದಾಗ ಮಾತ್ರ ಬ್ಯಾರೆ ಯಾರೋ ಕಾಣ್ತಾಳ."

ಎರಡು ವರ್ಷದ ಆ ಕಿಟಕಿಗಳೆಲ್ಲ ನನ್ನ ಕಣ್ಣ ಮುಂದೆ ಬಂದವು. ನಾನು ಮೂಗು ಮುಚ್ಚಿಡಲು ಕಲಿತ ವಿದ್ಯೆಯನ್ನೇ ಅವಳು ಇನ್ನೊಂದು ಕಾರಣಕ್ಕೆ ಕಲಿತಿದ್ದಳು. ನನಗೆ ನಾಚಿಕೆಯಾಯಿತು.

ಊಟಕ್ಕೆ ಮೊದಲು ಒಂದು ಫೋಟೋ ಆಗಲಿ ಎಂದು ಆಟೋದವನಿಗೆ ಫೋನ್ ಕೊಟ್ಟರು. ಅವನು ನೆತ್ತಿಯ ಮೇಲಿನ ಸೂರ್ಯನ ಕೆಳಗೆ ನಮ್ಮನ್ನು ನಿಲ್ಲಿಸಿ, ಹೊಟ್ಟೆಯ ಮಟ್ಟದಲ್ಲಿ ಫೋನ್ ಹಿಡಿದು, "ಒನ್, ಟೂ, ತ್ರೀ, ಸ್ಮೈಲ್ ಪ್ಲೀಸ್" ಎಂದು ತೆಗೆದು, ಬಾಡಿಗೆ ಸಿಕ್ಕಿತೆಂದು ಹೋಗಿಬಿಟ್ಟ. ಫೋಟೋದಲ್ಲಿ ಎಲ್ಲರ ಕಣ್ಣೂ ಕುಳಿ ಬಿದ್ದಿದ್ದವು. ಅವಳ ಮುಖದಲ್ಲಿ ಆ ಬಿಸಿಲು ಜಾರಿದ ಕಡೆಯನ್ನೇ ಗೀರಿ ಗೀರಿ ತೋರಿಸುತ್ತಿತ್ತು. ಫೋನ್ ಕೈಯಿಂದ ಕೈಗೆ ಬಂದು ಅವಳನ್ನು ತಲುಪಿತು.

"ನನ್ನ ಇದರಾಗಿಂದ ತೆಗದು ಹಾಕ್ರಿ," ಅಂದಳು. "ನಾ ಹೊಂಡ್ತೀನಿ. ಸಂಡೂರಿಗೆ ಬಸ್ಸು ಆಮ್ಯಾಲ ಸಿಗಂಗಿಲ್ಲ." ಮಧ್ಯಾಹ್ನದ ಹೊತ್ತು, ಬಸ್ಸುಗಳಿಗೇನು ಬರ? ಚೀಲ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟಳು. ಈಗ ಹೋದರೆ ಇವಳು ಇನ್ನು ಯಾರ ಫೋಟೋದಲ್ಲೂ ನಿಲ್ಲುವುದಿಲ್ಲ, ನಮ್ಮ ಕಡೆ ಬರುವುದೂ ಇಲ್ಲ ಎಂದು ನನಗೆ ಗಟ್ಟಿಯಾಗಿ ಅನ್ನಿಸಿತು.

"ಕುಂದ್ರಲೇ!" ಎಂದು ಗದರಿದೆ. ಗಿರಣಿಯಲ್ಲಿ ಹಮಾಲರನ್ನು ಗದರುವ ಧ್ವನಿ ಅದು, ಹತ್ತು ಮಂದಿಯೂ ಕೂತರು. ಎಲ್ಲರನ್ನೂ ಎಬ್ಬಿಸಿ ಪಕ್ಕದ ಕಲ್ಲುಮಂಟಪದ ನೆರಳಿಗೆ ಅಟ್ಟಿದೆ. ಒಳಗೆ ಕತ್ತಲಲ್ಲಿ ಅಲ್ಲ, ನೆರಳು ಮುಗಿಯುವ ಅಂಚಿನಲ್ಲಿ, ಮುಖ ಹೊರಗೆ ಮಾಡಿ. ಹೊರಗಿನ ಬಂಡೆಗೆ ಬಿದ್ದ ಬಿಸಿಲು ಮೆತ್ತಗಾಗಿ ಮುಖಕ್ಕೆ ಬರುತ್ತದೆ, ಕಣ್ಣಿನ ಕುಳಿ ತುಂಬುತ್ತದೆ. ಅವಳನ್ನು ಹಿಂದಿನ ಸಾಲಿನ ನಡುವೆ ನಿಲ್ಲಿಸಿದೆ, ಅದು ನಾನು ನನಗೆಂದು ಆರಿಸಿಟ್ಟಿದ್ದ ಜಾಗ. ಎಡಗೆನ್ನೆ ಫೋನಿನ ಕಡೆ ಬರುವಂತೆ ಹೊರಳಿಸಬೇಕಿತ್ತು. ಫೋನಿನ ಪರದೆ ಕನ್ನಡಿಯಂತೆ ತೋರಿಸುವುದನ್ನು ಮರೆತು, "ಆ ಕಡೆ, ಅಲ್ಲಲೇ, ಈ ಕಡೆ" ಎಂದು ನಾನು ಕೂಗುತ್ತಿದ್ದರೆ ಹಿಂದಿನ ಸಾಲೆಲ್ಲ ಎಮ್ಮೆಯ ಹಿಂಡಿನಂತೆ ಅತ್ತಿತ್ತ ಆಡುತ್ತಿತ್ತು.

ಆಟೋದವನು ಹೋಗಿಯಾಗಿತ್ತು, ಒರಗಿಸಲು ಅಕ್ಕಿಚೀಲವಿರಲಿಲ್ಲ, ಸೆಲ್ಫಿಯೇ ಗತಿ. ಒತ್ತುವಾಗ ಫೋನ್ ಯಾರು ಹಿಡಿಯಬೇಕು? "ನನ್ ಕೈ ಉದ್ದ ಅದಾವ, ಕೊಡು ಇಲ್ಲಿ," ಎಂದು ಕಬ್ಬಿಣದ ವ್ಯಾಪಾರದವನೊಬ್ಬ ಬಂದ. ಅವನು ಎದೆಯ ಮಟ್ಟಕ್ಕೆ ಹಿಡಿದದ್ದು ನೋಡಿದರೆ ಎಲ್ಲರ ಹೊಳ್ಳೆ ಎಣಿಸಬಹುದಿತ್ತು. ಕಿತ್ತುಕೊಂಡೆ. ಅವಳ ಮುಖ ಚೆನ್ನಾಗಿ ಬೀಳಬೇಕಾದರೆ ಅವಳು ಫೋನಿನಿಂದ ದೂರವಿರಬೇಕು, ಯಾರಾದರೂ ಹತ್ತಿರವಿರಬೇಕು. ಆ ಯಾರಾದರೂ ನಾನೇ ಎಂದು ತಿಳಿಯಿತು. ಆದರೂ ಕೈ ಎತ್ತಿದೆ.

ಪರದೆಯ ಅಂಚಿನಲ್ಲಿ ನನ್ನ ಮೂಗು ಉದಯಿಸಿತು. ಎರಡು ವರ್ಷ ಅಡಗಿಸಿಟ್ಟದ್ದಕ್ಕೆ ಬಡ್ಡಿ ಸಮೇತ ಬಂದಿತ್ತು. ಹಿಂದೆ ಅವಳು ಕಲಿತ ಪಾಠದಂತೆ ಅರ್ಧ ಮುಖ ಮಾಡಿ, ತುಟಿ ಬಿಗಿಹಿಡಿದು, ಪರದೆ ನೋಡುತ್ತಿದ್ದಳು. ಕಣ್ಣು ನನ್ನ ಮೂಗಿನ ಮೇಲೆ ಬಿತ್ತು. ತಡೆದುಕೊಂಡಳು. ನಾನು ತಿರುಗದೆಯೇ, "ಎರಡರಾಗ ಯಾವ್ದು ಮೂಗು ಹೇಳ್ ನೋಡೋಣ," ಅಂದೆ.

ಅವಳು ನಕ್ಕುಬಿಟ್ಟಳು. ಹೊರಳಿಸಿದ್ದ ಮುಖ ಪೂರ್ತಿ ಈ ಕಡೆ ತಿರುಗಿತು. ಬಾಯಿ ಒಂದೇ ಕಡೆ ಮೇಲೆ ಹೋಯಿತು, ಒಂದು ಕಣ್ಣು ಮುಚ್ಚಿತು, ಇನ್ನೊಂದು ತೆರೆದೇ ಇತ್ತು. ನನ್ನ ಹೆಬ್ಬೆರಳು ಅಷ್ಟರಲ್ಲಿ ಒತ್ತಿಯಾಗಿತ್ತು.

ನಾನು ಮಾಡಿದ ಕಸರತ್ತೆಲ್ಲ ಮಣ್ಣುಪಾಲು. ಫೋನನ್ನು ಅವಳ ಕೈಗೆ ಕೊಟ್ಟು, "ಅಳಿಸಿಬಿಡು, ಇನ್ನೊಂದು ತಗೀತೀನಿ," ಅಂದೆ. ಅವಳು ಬಹಳ ಹೊತ್ತು ನೋಡಿದಳು.

"ಬ್ಯಾಡ," ಅಂದಳು. "ಊಟಕ್ಕ ನಡೀರಿ, ಹಸಿವಾಗೇತಿ." ಚೀಲ ಕೆಳಗಿಟ್ಟಳು.

ಮರುದಿನ ಬೆಳಿಗ್ಗೆ ನೋಡಿದರೆ ಅವಳ ಡಿಪಿಯಲ್ಲಿ ಕಿಟಕಿ ಇರಲಿಲ್ಲ. ಮುಂದೆ ನನ್ನ ಮೂಗು, ಹಿಂದೆ ಅವಳ ಸೊಟ್ಟ ನಗು, ಉಳಿದ ಒಂಬತ್ತು ಮಂದಿ ಎಲ್ಲೋ ಇದ್ದರು. ಸಂಡೂರಿನಲ್ಲಿ ಅವಳ ನಂಬರ್ ಇರುವ ಪ್ರತಿ ಮನೆಗೂ ನನ್ನ ಮೂಗು ಈಗ ಪರಿಚಯ. ಗ್ರೂಪಿನಲ್ಲಿ ಹಂಪಿಗೆ ಬಾರದವರು ಯಾರೋ, "ಭಾಳ ಚಂದ ಬಂದೈತಿ, ಯಾರು ತೆಗೆದಿದ್ದು?" ಎಂದು ಅವಳನ್ನು ಕೇಳಿದ್ದರು.

ಅವಳು ಉತ್ತರ ಬರೆದಿದ್ದಳು: "ನಮ್ಮ ಬಜ್ಜಿ."

ಅದರ ಕೆಳಗೆ ನಾನು, "ಎಸ್ ಸರ್," ಎಂದು ಬರೆದೆ.