ಬಿ.ಪಿ. ಹತೋಟಿಯಲ್ಲಿದ್ದವನ ಭಾಷಣ

ದನದ ಆಸ್ಪತ್ರೆಯಲ್ಲಿ ಕೆಲಸ ಮಾಡುವವನಿಗೆ ಭಾಷಣದ ಅಭ್ಯಾಸ ಇರುವುದಿಲ್ಲ. ನಮ್ಮ ರೋಗಿಗಳು ಮಾತು ಕೇಳುವುದಿಲ್ಲ, ಒದೆಯುತ್ತವೆ. ಆದರೂ ನಾನು ಜೀವನದಲ್ಲಿ ಒಂದೇ ಒಂದು ಭಾಷಣ ಮಾಡಿದ್ದೇನೆ. ಅದು ತೊಂಬತ್ತರ ದಶಕದ ಕೊನೆಯಲ್ಲಿ, ಪಾಂಡವಪುರದ ಹಾಲಿನ ಡೇರಿಯ ಮೀಟಿಂಗ್ ಕೋಣೆಯಲ್ಲಿ, ಸುಮಾರು ಮೂವತ್ತು ಜನ ಬಿ.ಪಿ. ರೋಗಿಗಳ ಎದುರು.

ನಾನು ಪಶು ವೈದ್ಯನಲ್ಲ, ಅವರ ಕೈಕೆಳಗಿನವನು. ಸೂಜಿ ಹಾಕುವುದು, ಹಸು ಗಬ್ಬ ಕಟ್ಟಿದೆಯೇ ಎಂದು ನೋಡುವುದು, ಗಾಯಕ್ಕೆ ಮುಲಾಮು ಹಚ್ಚುವುದು ನನ್ನ ಕೆಲಸ. ಆದರೆ ಹಳ್ಳಿಯಲ್ಲಿ ಕೈಯಲ್ಲಿ ಸೂಜಿ ಇದ್ದವರೆಲ್ಲ ಡಾಕ್ಟರೇ. ಮದುವೆಯಾಗಲಿಲ್ಲ. ಅದಕ್ಕೆ ದೊಡ್ಡ ಕಾರಣವೇನಿಲ್ಲ. ಮೊದಲು ತಂಗಿಯರದು ಆಗಲಿ ಎಂದರು, ಆಮೇಲೆ ನನ್ನದು ಯಾರಿಗೂ ನೆನಪಾಗಲಿಲ್ಲ. ನಾನೂ ನೆನಪಿಸುವ ಗೋಜಿಗೆ ಹೋಗಲಿಲ್ಲ.

ಬಿ.ಪಿ. ಇದೆಯೆಂದು ಗೊತ್ತಾದದ್ದು ನಾಗಮಂಗಲದಲ್ಲಿದ್ದಾಗ. ಹಲ್ಲು ಕೀಳಿಸಲು ಹೋದವನಿಗೆ ಅಲ್ಲಿನ ಡಾಕ್ಟರು ಮೊದಲು ತೋಳಿಗೆ ಪಟ್ಟಿ ಸುತ್ತಿ ನೋಡಿದರು. ಸ್ವಲ್ಪ ಹೊತ್ತು ಕೂರಿಸಿ ಇನ್ನೊಂದು ಸಲ ನೋಡಿದರು. ನೂರಾ ತೊಂಬತ್ತಕ್ಕೆ ನೂರಾ ಹತ್ತು. ‘ನನಗೇನೂ ಆಗ್ತಿಲ್ವಲ್ಲ ಸಾರ್’ ಎಂದೆ. ‘ಆಗೋದಕ್ಕೆ ಮುಂಚೆ ಸಿಕ್ಕಿದ್ದೀರಿ, ಪುಣ್ಯ ಮಾಡಿದ್ರಿ’ ಎಂದರು. ಹಲ್ಲು ಅವತ್ತು ಉಳಿದುಕೊಂಡಿತು. ಮಾತ್ರೆ ಶುರುವಾಯಿತು.

ನಾಗಮಂಗಲದಿಂದ ಕೆ.ಆರ್. ಪೇಟೆಗೆ, ಅಲ್ಲಿಂದ ಪಾಂಡವಪುರಕ್ಕೆ ವರ್ಗವಾಯಿತು. ಮಾತ್ರೆ ಜೊತೆಗೇ ಬಂತು. ಬೆಳಿಗ್ಗೆ ಎದ್ದು ಮುಖ ತೊಳೆದು ಒಂದು ಅಟೆನೊಲಾಲ್. ಉಪ್ಪು ಕಡಿಮೆ, ಉಪ್ಪಿನಕಾಯಿ ಇಲ್ಲ, ಹಪ್ಪಳ ಇಲ್ಲ. ಬಾಡಿಗೆ ಕೋಣೆಯಲ್ಲಿ ಸೀಮೆಎಣ್ಣೆ ಸ್ಟೌ ಹಚ್ಚಿ ಮುದ್ದೆ ತಿರುವಿ, ಸಪ್ಪೆ ಸಾರಿನಲ್ಲಿ ಅದ್ದಿ ನುಂಗುತ್ತಿದ್ದೆ. ದಿನವಿಡೀ ಕೊಟ್ಟಿಗೆ ಕೊಟ್ಟಿಗೆಗೆ ಹೋಗಿ ‘ಹಸುವಿಗೆ ಬೂಸಾ ಜೊತೆ ಒಂದು ಹಿಡಿ ಉಪ್ಪು ಹಾಕಿ’ ಎಂದು ಹೇಳುತ್ತಿದ್ದವನೂ ನಾನೇ. ಹಸುವಿನ ಮೇಲೆ ಹೊಟ್ಟೆಕಿಚ್ಚು ಪಟ್ಟದ್ದುಂಟು. ಹೋದ ಮನೆಯಲ್ಲೆಲ್ಲ ಕಾಫಿ ಕೊಡುತ್ತಿದ್ದರು, ಕೂರಿಸುತ್ತಿದ್ದರು, ಹಸು ಹೇಗಿದೆ ಎಂದು ಕೇಳುತ್ತಿದ್ದರು. ನಾನು ಹೇಗಿದ್ದೇನೆ ಎಂದು ಕೇಳುವ ಪ್ರಮೇಯವೇ ಯಾರಿಗೂ ಬರುತ್ತಿರಲಿಲ್ಲ.

ಕೇಳುತ್ತಿದ್ದವರು ಒಬ್ಬರೇ, ಪಾಂಡವಪುರದಲ್ಲಿ ನಾನು ತೋರಿಸಿಕೊಳ್ಳುತ್ತಿದ್ದ ಕ್ಲಿನಿಕ್ಕಿನ ಸಿಸ್ಟರ್. ತಿಂಗಳಿಗೊಮ್ಮೆ ಹೋದರೆ ಐದು ನಿಮಿಷ ಸುಮ್ಮನೆ ಕೂರಿಸುತ್ತಿದ್ದರು. ಆಮೇಲೆ ‘ನಿದ್ದೆ ಚೆನ್ನಾಗಿ ಬತ್ತದಾ? ಯಾಕೋ ಇಳ್ದೋಗಿದ್ದೀರಲ್ಲ’ ಎಂದು ವಿಚಾರಿಸಿ, ತೋಳನ್ನು ಮೇಜಿನ ಮೇಲೆ ಎದೆಯ ಮಟ್ಟಕ್ಕೆ ಇಟ್ಟು, ಪಟ್ಟಿ ಸುತ್ತಿ, ಮಣಿಕಟ್ಟಿನ ನಾಡಿಯ ಮೇಲೆ ಎರಡು ಬೆರಳಿಟ್ಟು ಗಾಳಿ ತುಂಬುತ್ತಿದ್ದರು. ಪಾದರಸ ಮೇಲೇರಿ ನಿಧಾನಕ್ಕೆ ಇಳಿಯುತ್ತಿತ್ತು. ‘ನೂರಾ ಮೂವತ್ತು, ಎಂಬತ್ತು. ಚೆನ್ನಾಗದೆ’ ಎನ್ನುತ್ತಿದ್ದರು. ಇದರಲ್ಲಿ ಬೇರೆ ಅರ್ಥ ಹುಡುಕಬೇಡಿ. ಆಕೆ ನನ್ನ ತಂಗಿಯರಿಗಿಂತ ಚಿಕ್ಕವರು, ಎಲ್ಲರಿಗೂ ಹಾಗೇ ಮಾಡುತ್ತಿದ್ದರು. ಆದರೆ ತಿಂಗಳಲ್ಲಿ ನನ್ನ ಮೈಯನ್ನು ಮನುಷ್ಯರೊಬ್ಬರು ಮುಟ್ಟುತ್ತಿದ್ದದ್ದು ಆ ಹತ್ತು ನಿಮಿಷ ಮಾತ್ರ.

ಹೀಗಿರುವಾಗ ಒಂದು ದಿನ ಕ್ಲಿನಿಕ್ಕಿನ ಡಾಕ್ಟರು ನನ್ನ ಚೀಟಿಯನ್ನು ಹಿಂದೆ ಮುಂದೆ ತಿರುವಿ ನೋಡಿ ಸಂತೋಷಪಟ್ಟರು. ‘ಎಷ್ಟು ವರ್ಷದಿಂದ ಒಂದೇ ಸಮ ಇದೆ ನೋಡಿ. ಇನ್ಮೇಲೆ ತಿಂಗಳು ತಿಂಗಳು ಬರೋ ತಾಪತ್ರಯ ಬೇಡ. ಮಾತ್ರೆ ಮಾತ್ರ ಬಿಡಬೇಡಿ, ಮೂರು ತಿಂಗಳಿಗೊಮ್ಮೆ ಬನ್ನಿ ಸಾಕು’ ಎಂದರು. ಬಹುಮಾನ ಕೊಟ್ಟ ಹಾಗೆ ಹೇಳಿದರು.

ಹೊರಗೆ ಬೆಂಚಿನ ಮೇಲೆ ತೊಣ್ಣೂರಿನ ಕಡೆಯ ಒಬ್ಬ ಯಜಮಾನರು ಕೂತಿದ್ದರು. ಎಂಟು ಎಕರೆ ನೀರಾವರಿ, ಮನೆ ತುಂಬ ಜನ. ಅವರ ಹಸುಗಳನ್ನು ನೋಡಲು ಹೋಗಿ ನನಗೆ ಪರಿಚಯ. ಪ್ರತಿ ತಿಂಗಳೂ ಎಲ್ಲರಿಗಿಂತ ಮೊದಲು ಬಂದು, ಎಲ್ಲರಿಗಿಂತ ಕೊನೆಗೆ ಹೋಗುವ ಗಿರಾಕಿ. ಬಿ.ಪಿ. ಮಾತ್ರ ಇಳಿದದ್ದೇ ಇಲ್ಲ.

‘ಏನಂದ್ರು ದನದ್ ಡಾಕ್ಟ್ರೇ?’

‘ಚೆನ್ನಾಗಿದೆಯಂತೆ. ಮೂರು ತಿಂಗಳಿಗೊಮ್ಮೆ ಬಂದರೆ ಸಾಕಂತೆ.’

‘ಅಯ್ಯೋ, ಅಂಗಂದ್ಬುಟ್ರಾ ಪಾಪ!’ ಎಂದು ಅವರು ಮರುಗಿದರು.

ಕಾಯಿಲೆ ಹತೋಟಿಗೆ ಬಂತೆಂದು ಮರುಗುತ್ತಾರಲ್ಲ, ಮುದುಕರಿಗೆ ಅರಳುಮರಳು ಎಂದುಕೊಂಡು ಬಂದೆ. ಆದರೆ ಮುಂದಿನ ತಿಂಗಳ ಅದೇ ತಾರೀಖು ಬಂದಾಗ ಆ ಮರುಕ ಎಷ್ಟು ಸರಿಯಾಗಿತ್ತು ಎಂದು ಗೊತ್ತಾಯಿತು. ಆ ಸಂಜೆ ನಾನು ಕ್ಲಿನಿಕ್ಕಿನ ಮುಂದೆ ಎರಡು ಸಲ ಮೊಪೆಡ್ಡಿನಲ್ಲಿ ಹಾದುಹೋದೆ. ಒಳಗೆ ಹೋಗಲು ನೆಪವಿರಲಿಲ್ಲ. ಅಳು ಬಂತು ಎಂದು ಈಗ ಹೇಳಲು ನಾಚಿಕೆಯಿಲ್ಲ, ಆಗ ಇತ್ತು.

ಮೂರು ತಿಂಗಳು ತುಂಬಲು ಎಂಟು ದಿನ ಇರುವಾಗ ನಾನು ಮಾತ್ರೆ ನಿಲ್ಲಿಸಿದೆ.

ಮರೆತು ಅಲ್ಲ, ಬೇಕೆಂದೇ. ನಾಲ್ಕನೆಯ ದಿನಕ್ಕೆ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಅಟೆನೊಲಾಲನ್ನು ಹಾಗೆ ಏಕಾಏಕಿ ಬಿಟ್ಟರೆ ಹೃದಯಕ್ಕೇ ಅಪಾಯ ಎಂದು ಡಾಕ್ಟರು ಹೇಳಿದ್ದು ನೆನಪಿತ್ತು. ಆದರೂ ನುಂಗಲಿಲ್ಲ. ಎಂಟನೆಯ ದಿನ ಸಿಸ್ಟರ್ ಪಟ್ಟಿ ಸುತ್ತಿದರು. ನೂರಾ ಎಪ್ಪತ್ತೆರಡು, ನೂರಾ ನಾಲ್ಕು. ಆಕೆಯ ಮುಖ ಸಣ್ಣದಾಯಿತು. ಮತ್ತೆ ಮತ್ತೆ ನೋಡಿದರು. ‘ಮಾತ್ರೆ ತಪ್ಪಿಸಿಲ್ಲ ತಾನೇ?’ ಎಂದು ಡಾಕ್ಟರು ಕೇಳಿದರು. ‘ಇಲ್ಲ ಸಾರ್’ ಎಂದೆ. ಅವರು ನಂಬಿದರು. ಒಂದು ಮಾತ್ರೆ ಸಾಲುತ್ತಿಲ್ಲವೆಂದು ಇನ್ನೊಂದು ಬರೆದರು, ಹದಿನೈದು ದಿನಕ್ಕೆ ಬರಹೇಳಿದರು. ನನಗೆ ಬೇಕಾದ್ದು ಸಿಕ್ಕಿತು.

ಹೆದರಿಕೆಯೂ ಇತ್ತಲ್ಲ, ಮರುದಿನದಿಂದ ಎರಡನ್ನೂ ಸರಿಯಾಗಿ ನುಂಗಿದೆ. ಒಂದೇ ಸಾಕಾಗಿದ್ದ ಮೈಗೆ ಎರಡು ಬಿದ್ದರೆ ಏನಾಗಬೇಕೋ ಅದೇ ಆಯಿತು. ಅರಕೆರೆಯಲ್ಲಿ ನೆಂಟರ ಹಸು ನೋಡಲು ಬಗ್ಗಿದ್ದವನು ಎದ್ದು ನಿಂತಾಗ ಕಣ್ಣು ಕತ್ತಲೆ ಕಟ್ಟಿ ಸಗಣಿಯ ಮೇಲೆ ಕುಸಿದೆ. ಬಿ.ಪಿ. ತೀರಾ ಇಳಿದಿತ್ತು. ಡಾಕ್ಟರು ತಲೆ ಕೆರೆದುಕೊಂಡು ಎರಡನೆಯದನ್ನು ನಿಲ್ಲಿಸಿದರು. ‘ಸ್ಥಿರ ಆಗೋವರೆಗೂ ತಿಂಗಳು ತಿಂಗಳು ಬರ್ತಾ ಇರಿ’ ಎಂದರು. ಆಗಲೂ ನಾನು ಬಾಯಿ ಬಿಡಲಿಲ್ಲ.

ಆ ಡಾಕ್ಟರೇ ತಿಂಗಳ ಮೊದಲ ಭಾನುವಾರ ಡೇರಿಯ ಕೋಣೆಯಲ್ಲಿ ಬಿ.ಪಿ. ರೋಗಿಗಳನ್ನು ಕೂಡಿಸುತ್ತಿದ್ದರು. ಅನುಭವ ಇದ್ದವರು ಹೇಳಬೇಕು, ಹೊಸಬರು ಕೇಳಬೇಕು. ಕಿರಂಗೂರಿನಿಂದಲೂ ಬರುತ್ತಿದ್ದರು. ಒಂದು ತಿಂಗಳು ನನ್ನ ಸರದಿ ಬಂತು. ‘ಹತ್ತು ವರ್ಷ ಒಂದು ಮಾತ್ರೆ ತಪ್ಪಿಸಿಲ್ಲ ಇವರು’ ಎಂದು ಡಾಕ್ಟರು ಪರಿಚಯಿಸಿದರು. ನನ್ನ ಜೇಬಿನಲ್ಲಿ ಬರೆದುಕೊಂಡ ಹಾಳೆಯಿತ್ತು: ಉಪ್ಪು, ನಡಿಗೆ, ಬೀಡಿ ಬಿಡುವುದು.

ಸಭೆಗೆ ಮುಂಚೆ ಎಲ್ಲರ ಬಿ.ಪಿ. ನೋಡಿದ್ದರು. ತೊಣ್ಣೂರಿನ ಯಜಮಾನರದು ಇನ್ನೂರರ ಹತ್ತಿರ. ಮೂರು ಬಗೆಯ ಮಾತ್ರೆ ಕೊಟ್ಟರೂ ಬಗ್ಗುತ್ತಿಲ್ಲವೆಂದು ಡಾಕ್ಟರು ನಾಲ್ಕನೆಯದನ್ನು ಬರೆದು, ಮೂತ್ರಪಿಂಡದ ಪರೀಕ್ಷೆಗೆ ಮೈಸೂರಿಗೆ ಹೋಗಲು ಕಾಗದ ಕೊಟ್ಟಿದ್ದರು. ಯಜಮಾನರು ಕಾಗದವನ್ನು ಮಡಚಿ ಹಿಡಿದು ಮೊದಲ ಸಾಲಿನಲ್ಲಿ ಕೂತಿದ್ದರು. ಹೆದರಿದ್ದರು. ನನಗೆ ಅವರ ‘ಅಯ್ಯೋ ಪಾಪ’ ನೆನಪಾಯಿತು. ಈ ಮನುಷ್ಯನಿಗೆ ಏನಾಗಿದೆ ಎಂದು ಈ ಕೋಣೆಯಲ್ಲಿ ನನಗೊಬ್ಬನಿಗೇ ಗೊತ್ತಿರಬಹುದು. ಎರಡೇ ಮಾತ್ರೆಗೆ ನಾನು ಕುಸಿದಿದ್ದೆ. ನಾಲ್ಕನ್ನೂ ಇವರು ಒಂದು ದಿನ ಹೆದರಿ ಒಟ್ಟಿಗೆ ನುಂಗಿದರೆ?

ಹಾಳೆ ಜೇಬಿನಲ್ಲೇ ಉಳಿಯಿತು.

‘ಡಾಕ್ಟರು ಹೇಳಿದ್ದು ಸುಳ್ಳು’ ಎಂದು ಶುರು ಮಾಡಿದೆ. ‘ಅವರದಲ್ಲ ಸುಳ್ಳು, ನಂದು. ನಾನು ಎಂಟು ದಿನ ಮಾತ್ರೆ ಬಿಟ್ಟಿದ್ದೆ. ಬೇಕೂಂತ ಬಿಟ್ಟಿದ್ದೆ. ಬಿ.ಪಿ. ಇಳಿದದೆ, ಮೂರು ತಿಂಗಳು ಬರಬೇಡಿ ಅಂದ್ರು. ನಂಗೆ ತಡೆಯೋಕಾಗಲಿಲ್ಲ. ಮನೇಲಿ ಮಾತಾಡೋರಿಲ್ಲ. ಇಲ್ಲಿ ಬಂದ್ರೆ ಸಿಸ್ಟರು ಕೈ ಹಿಡ್ಕೊಂಡು ನಿದ್ದೆ ಬತ್ತದಾ ಅಂತ ಕೇಳ್ತಾರೆ. ಅದು ತಪ್ಪೋಗ್ತದಲ್ಲ ಅಂತ ಏರಿಸ್ಕೊಂಡು ಬಂದೆ. ಆಮೇಲೆ ಸುಳ್ಳು ಹೇಳಿದೆ. ಆ ಸುಳ್ಳಿಗೆ ಡಾಕ್ಟ್ರು ಮಾತ್ರೆ ಕೊಟ್ರು. ಕಾಯಿಲೆಗಲ್ಲ, ಸುಳ್ಳಿಗೆ. ಅದನ್ನ ನುಂಗಿ ಬಿದ್ದೆ. ಎದೆ ನಿಂತೋಗಿದ್ರೂ ಯಾರಿಗೂ ಯಾಕೆ ಅಂತ ಗೊತ್ತಾಗ್ತಿರಲಿಲ್ಲ.’

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಸಿಸ್ಟರ್ ತಲೆ ತಗ್ಗಿಸಿ ಪಟ್ಟಿಯನ್ನು ಸುತ್ತುತ್ತ ನಿಂತಿದ್ದರು. ಡಾಕ್ಟರ ಮುಖ ಕೆಂಪಗಾಗಿತ್ತು. ನಾನು ಕೂತುಬಿಟ್ಟೆ. ಚಪ್ಪಾಳೆಯಿಲ್ಲ. ಅಷ್ಟು ಜನರ ನಡುವೆ ನನ್ನ ಕೋಣೆಯಲ್ಲಿದ್ದಷ್ಟೇ ಒಂಟಿಯಾಗಿದ್ದೆ.

ತೊಣ್ಣೂರಿನ ಯಜಮಾನರು ಎದ್ದರು. ಸೊಂಟದ ಎಲೆಅಡಿಕೆ ಚೀಲದ ಬಾಯಿ ಬಿಚ್ಚಿ, ಅಡಿಕೆ ಚೂರುಗಳ ಜೊತೆಗೆ ಮಾತ್ರೆಯ ಹಾಳೆಗಳನ್ನು ಒಂದೊಂದಾಗಿ ತೆಗೆದು ಡಾಕ್ಟರ ಮುಂದಿನ ಮೇಜಿನ ಮೇಲಿಟ್ಟರು. ಬಹಳಷ್ಟು ಒಡೆದೇ ಇರಲಿಲ್ಲ.

‘ನುಂಗಿದ್ರೆ ಇಳ್ದೋಯ್ತದಲ್ಲಾ ಡಾಕ್ಟ್ರೇ’ ಎಂದರು. ‘ಮನೇಲಿ ಹದ್ನಾಕ್ ಜನ ಅವ್ರೆ. ಉಂಡ್ಯಾ ಅಂತಾರೆ, ಎತ್ತ್ ಕಟ್ಟಿದ್ಯಾ ಅಂತಾರೆ. ಒಬ್ರೂ ಹೆಂಗಿದ್ದೀಯಾ ಅನ್ನಾಕಿಲ್ಲ. ನಾನೂ ಇಂಗೇ ಮಾಡ್ಬುಟ್ಟೆ.’

ಡಾಕ್ಟರು ಆ ಹಾಳೆಗಳನ್ನು ಎತ್ತಿ ಮಾತ್ರೆಗಳ ಹೆಸರು ಓದಿದರು. ಬೈಯುತ್ತಾರೆಂದು ಕಾದೆವು. ಅವರು ಮೈಸೂರಿನ ಕಾಗದವನ್ನು ವಾಪಸು ಇಸಿದುಕೊಂಡು ಬದಿಗಿಟ್ಟರು. ‘ಎಲ್ಲಾ ಒಟ್ಟಿಗೆ ನುಂಗಬೇಡಿ, ಬಿದ್ದುಬಿಡ್ತೀರಿ. ಇವತ್ತಿಂದ ಇದೊಂದು ಮಾತ್ರ, ದಿನಾ ಬೆಳಿಗ್ಗೆ. ಮೂರು ದಿನ ಬಿಟ್ಟು ಬಂದು ತೋರಿಸಿ’ ಎಂದರು. ಯಜಮಾನರು ತಲೆಯಾಡಿಸಿ, ಬಾಗಿಲ ತನಕ ಹೋಗಿ, ಅಲ್ಲೇ ನಿಂತರು.

‘ಇಳಿದ್ಮೇಲೆ?’ ಎಂದರು.

‘ಇಳಿದ್ರೂ ಬನ್ನಿ ಯಜಮಾನ್ರೇ’ ಎಂದರು ಡಾಕ್ಟರು. ‘ಸುಮ್ನೆ ಬನ್ನಿ.’

ಆ ಮಾತನ್ನು ಅವರು ನನ್ನ ಕಡೆ ನೋಡಿ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಮುಖ ತೊಳೆದು ಮಾತ್ರೆ ನುಂಗುವಾಗ, ಅದು ನನಗೂ ಹೇಳಿದ್ದಿರಬಹುದೇ ಎಂದು ಬಹಳ ಹೊತ್ತು ಯೋಚಿಸಿದೆ.