ಬೇವಿನ ಮರಕ್ಕೆ ಹಿಡಿದ ಪೆಟ್ಟಿಗೆ

ಡಿ.ಇಡಿ ಓದುವಾಗ ನಮಗೆ ಮಕ್ಕಳಿಗಿಂತ ಫೈಲ್‌ಗಳ ಭಯವೇ ಹೆಚ್ಚು. ಅದರಲ್ಲೂ ಬೋಧನೋಪಕರಣಗಳ ಫೈಲ್. ಒಂದೊಂದು ಉಪಕರಣಕ್ಕೂ ಒಂದು ಪುಟ: ಬೇಕಾದ ಸಾಮಗ್ರಿ, ಉದ್ದೇಶ, ಪಾಠದಲ್ಲಿ ಬಳಸಿದ ಬಗೆ. ಆ ಕೊನೆಯದನ್ನು ಎಲ್ಲರೂ ಪಾಠಕ್ಕೆ ಮೊದಲೇ ಬರೆದು ಕೈತೊಳೆದುಕೊಳ್ಳುತ್ತಿದ್ದರು. ನಾನೇನು ಬೇರೆಯೇ? ಚಿತ್ರದುರ್ಗದ ನಮ್ಮ ಕಾಲೇಜಿನ ವಿಜ್ಞಾನದ ಮೇಷ್ಟ್ರು ಫೈಲನ್ನು ಹಿಂದಕ್ಕೆ ತಳ್ಳಿದರು.

"ಮಕ್ಕಳು ಏನಂದ್ರು ಅಂತ ಎಲ್ಲೈತಮ್ಮ? ನನ್ನೆದುರಿಗೆ ಪಾಠ ಮಾಡು. ಆಮೇಲೆ ಸಹಿ."

ಸಹಿ ಬೀಳದಿದ್ದರೆ ಪ್ರಾಯೋಗಿಕ ಪರೀಕ್ಷೆಗೆ ಕೂರಿಸುವುದಿಲ್ಲ. ಓದಿದ್ದೆಲ್ಲ ಮಣ್ಣುಪಾಲು.

ಉಪಕರಣದ ಹೆಸರು ಸೂಜಿರಂಧ್ರ ಬಿಂಬಗ್ರಾಹಿ. ಹೆಸರಿಗೆ ಹೆದರಬೇಕಿಲ್ಲ: ಒಂದರೊಳಗೊಂದು ಜಾರುವ ಎರಡು ರಟ್ಟಿನ ಪೆಟ್ಟಿಗೆ, ಹೊರಗಿನದಕ್ಕೆ ಸೂಜಿಯ ತೂತು, ಒಳಗಿನದಕ್ಕೆ ಟ್ರೇಸಿಂಗ್ ಹಾಳೆಯ ಪರದೆ. ತಲೆ ಮೇಲೆ ಕಪ್ಪು ಬಟ್ಟೆ ಹೊದ್ದು ನೋಡಿದರೆ ಬಿಸಿಲಲ್ಲಿರುವುದೆಲ್ಲ ಪರದೆಯ ಮೇಲೆ ತಲೆಕೆಳಗಾಗಿ ಕಾಣುತ್ತದೆ. ಬೆಳಕು ನೇರವಾಗಿ ಚಲಿಸುತ್ತದೆ ಎಂದು ತೋರಿಸುವುದು ಉದ್ದೇಶ.

ಐಮಂಗಲದ ಕಡೆಯ ಒಂದು ಶಾಲೆ, ಆರನೇ ತರಗತಿ. ಮಕ್ಕಳನ್ನು ವರಾಂಡದಲ್ಲಿ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರಿಂದಲೂ ಪೆಟ್ಟಿಗೆಯನ್ನು ಕಾಂಪೌಂಡಿನ ಬೇವಿನ ಮರದ ಕಡೆಗೆ ಹಿಡಿಸಿದೆ. ಮೇಷ್ಟ್ರು ಹಿಂದೆ ಕುಂತಿದ್ದರು.

"ಮರ ಉಲ್ಟಾ ಐತೆ ಮಿಸ್," ಅಂದ ಮೊದಲನೆಯವನು. ನನಗೆ ಜೀವ ಬಂತು. "ಪಕ್ಕದಾಗೆ ಒಬ್ಬ ಅಕ್ಕ ನಿಂತವ್ಳೆ."

ನಾನು ಮರದ ಕಡೆ ನೋಡಿದೆ. ಬಿಸಿಲು ಬಿಟ್ಟರೆ ಯಾರೂ ಇಲ್ಲ. ಎರಡನೆಯವಳೂ ಅದನ್ನೇ ಹೇಳಿದಳು. ಮೂರನೆಯವನು ಸೀರೆ ಹಸಿರು ಅಂದ. ಮೇಷ್ಟ್ರು ಬಂದಿದ್ದಾರೆಂದು ಮಕ್ಕಳು ನನ್ನನ್ನು ಆಟ ಆಡಿಸುತ್ತಿವೆ ಎಂದು ಮೈಯೆಲ್ಲ ಉರಿಯಿತು. ಪಾಠಕ್ಕೆ ತರಲು ಕೇಳಿದೆ: "ಆ ಅಕ್ಕನೂ ತಲೆಕೆಳಗೆ ತಾನೇ?"

"ಇಲ್ಲ ಮಿಸ್. ನೆಟ್ಟಗೆ ನಿಂತವ್ಳೆ."

ಯಾರೂ ನಗಲಿಲ್ಲ. ಸಾಲಿನ ಕೊನೆಯಲ್ಲಿದ್ದ ಹುಡುಗಿ ಮೆಲ್ಲಗೆ ಕೇಳಿದಳು: "ಪೆಟ್ಟಿಗೇಲಿ ಎಲ್ಲಾ ಉಲ್ಟಾ ಕಾಣ್ತತೆ ಅಂದ್ರಲ್ಲ ಮಿಸ್. ಹಂಗಾರೆ ಹೊರಗೆ ಅವಳು ತಲೆಕೆಳಗಾಗಿ ಅವ್ಳಾ?"

ಮೇಷ್ಟ್ರು ಎದ್ದು ಬಂದು ತಾವೇ ಬಟ್ಟೆ ಹೊದ್ದುಕೊಂಡರು. ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದವರು ಕನ್ನಡಕ ಒರೆಸಿಕೊಂಡು ಫೈಲ್ ಕೇಳಿದರು. ಆ ಹುಡುಗಿಯ ಪ್ರಶ್ನೆಯನ್ನು ಇದ್ದ ಹಾಗೇ ಬರೆಸಿ, ಕೆಳಗೆ ಸಹಿ ಹಾಕಿದರು.

"ಉದ್ದೇಶ ಈಡೇರೈತೆ. ಮಕ್ಕಳಿಗೆ ಅರ್ಥ ಆಗೈತೆ."

"ಏನಾದ್ರೂ ಕಾಣಿಸ್ತಾ ಸಾರ್?"

"ಪರೀಕ್ಷೆಗೆ ಪೆಟ್ಟಿಗೆ ತರಬ್ಯಾಡಮ್ಮ. ಫೈಲ್ ಸಾಕು."

ಫೈಲ್ ಜೊತೆ ಉಪಕರಣ ಮೇಜಿನ ಮೇಲಿರಲೇಬೇಕೆಂದು ಎಲ್ಲರ ಪ್ರಾಣ ತಿನ್ನುತ್ತಿದ್ದ ಮನುಷ್ಯ! ಮರ ಮುಂದಿನ ಗೇಟಿಗೆ ಹತ್ತಿರವಿತ್ತು. ನಾವು ಬಿಸಿಯೂಟದ ಕೋಣೆಯ ಹಿಂದಿನಿಂದ ಹೊರಗೆ ಹೋದೆವು. ಮುಂದೆ ಹೆಜ್ಜೆ ಹಾಕಿದವರು ಅವರೇ.

ಈಗ ನಾನೂ ಟೀಚರ್ ಆಗಿದ್ದೇನೆ. ಪ್ರತಿವರ್ಷ ಆ ಪಾಠ ಬರುತ್ತದೆ, ಮಕ್ಕಳಿಂದಲೇ ಪೆಟ್ಟಿಗೆ ಮಾಡಿಸುತ್ತೇನೆ. ಬಟ್ಟೆಯೊಳಗೆ ತಲೆ ಹಾಕುವ ಧೈರ್ಯ ಮಾತ್ರ ಇಂದಿಗೂ ಇಲ್ಲ. ಮೊದಲ ಮಗು ಹೊರಬಂದು, ಮರ ಉಲ್ಟಾ ಐತೆ ಎಂದು ಹೇಳಿ ಅಷ್ಟಕ್ಕೇ ಬಾಯಿ ಮುಚ್ಚುವವರೆಗೆ ಉಸಿರು ಬಿಗಿಹಿಡಿದು ನಿಂತಿರುತ್ತೇನೆ.