ಸಿಮೆಂಟ್ ಮೆತ್ತಿದ ಗೋಡೆ

ಒದ್ದೆ ಸುಣ್ಣದ ವಾಸನೆ ಬಂದರೆ ನನಗೆ ಈಗಲೂ ದುಬೈಯ ಆ ಹಳೇ ಮನೆಯ ಅಂಗಳ ನೆನಪಾಗುತ್ತದೆ. ಊರೊಳಕ್ಕೆ ಚಾಚಿದ ಉಪ್ಪುನೀರಿನ ಖಾರಿಯ ಪಕ್ಕದ ಗಲ್ಲಿಯಲ್ಲಿ, ಸಮುದ್ರದಿಂದ ತೆಗೆದ ಹವಳದ ಕಲ್ಲನ್ನು ಗಾರೆಯಲ್ಲಿ ಕೂರಿಸಿ ಕಟ್ಟಿದ ಮನೆ. ಅದರ ದುರಸ್ತಿಗೆ ನಾನು ಫೋರ್‌ಮನ್. ಅದಕ್ಕೆ ಮೊದಲು ಇಪ್ಪತ್ತು ವರ್ಷ ಟವರುಗಳಿಗೆ ಕಾಂಕ್ರೀಟ್ ಸುರಿಸಿದವನು. ಗಟ್ಟಿ ಅಂದರೆ ಒಳ್ಳೆಯದು, ಮೆತ್ತಗಿದ್ದರೆ ಕಳಪೆ ಎನ್ನುವುದು ನನ್ನ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿತ್ತು. ಉಡುಪಿ ಕಡೆಯವನ ಹುಂಬತನ ಬೇರೆ.

ಗಾರೆ ಕೆಲಸಕ್ಕೆ ಬಂದ ಮೇಸ್ತ್ರಿ ಬಾಗಲಕೋಟೆ ಕಡೆಯವರು. ಅರವತ್ತರ ಹತ್ತಿರದ ವಯಸ್ಸು, ಮುಹೈಸ್ನಾದ ಕಾರ್ಮಿಕರ ಕ್ಯಾಂಪಿನಲ್ಲಿ ವಾಸ. ಇದು ಮುಗಿದರೆ ವೀಸಾ ರದ್ದು ಮಾಡಿಸಿ ಊರಿಗೆ ಹೋಗುವವರು. ಅಪ್ಪನೂ ಗಾರೆ ಗೌಂಡಿಯಂತೆ. ಹತ್ತು ಕೆಲಸದಲ್ಲಿ ಒಂಬತ್ತು ಸಿಮೆಂಟಿನದ್ದೇ ಮಾಡಿ ಸವೆದವರಿಗೆ ಕೊನೆಗೊಂದು ಸುಣ್ಣದ ಗೋಡೆ ಸಿಕ್ಕಿತ್ತು. ಅದರ ಖುಷಿ ಅವರ ಮುಖದಲ್ಲಿ ಕಾಣುತ್ತಿತ್ತು. "ಕಡೀಗೆ ನಮ್ಮಪ್ಪನ ಕೆಲಸ ಮಾಡಿ ಹೋಗ್ತೀನ್ರಿ" ಎನ್ನುತ್ತಿದ್ದರು. ಅರಳಿಸಿದ ಸುಣ್ಣವನ್ನು ಡ್ರಮ್ಮಿನಲ್ಲಿ ನೀರಿನಡಿ ವಾರಗಟ್ಟಲೆ ಇಡುವುದು, ಮರಳಿನ ಉಪ್ಪು ಹೋಗುವವರೆಗೆ ತೊಳೆಸುವುದು, ಕಲ್ಲುಗಳ ನಡುವಿನ ಸಂದಿ ತುಂಬಿದ ಮೇಲೆ ಒದ್ದೆ ಗೋಣಿ ಹೊದಿಸಿ ದಿನಕ್ಕೆ ನಾಲ್ಕು ಸಲ ನೀರು ಚಿಮುಕಿಸುವುದು. ಬಾಣಂತಿಗೂ ಇಷ್ಟು ಉಪಚಾರ ಇರಲಿಕ್ಕಿಲ್ಲ.

ಹತ್ತು ದಿನ ಕಳೆದ ಮೇಲೆ ನಾನು ಸಂದಿಗೆ ಉಗುರು ಹಾಕಿದೆ. ಗೀರು ಬಿತ್ತು.

"ಎಂಥ ಮಾರಾಯ್ರೆ ಇದು! ಉಗುರು ಹಾಕಿದ್ರೆ ಉದುರ್ತದಲ್ಲ!"

"ಗಾಳಿ ಕುಡದು ಕುಡದು ಗಟ್ಟಿ ಆಗ್ತೈತ್ರಿ ಸಾಹೇಬ್ರ. ಅವಸರ ಮಾಡಬ್ಯಾಡ್ರಿ. ನೀವು ಅಷ್ಟೊತ್ತಿಗೆ ಚಾ ಕುಡದು ಬರ್ರಿ."

ಕೆಲಸದವರೆಲ್ಲ ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು.

ಮಗಳ ಮದುವೆಗೆಂದು ಮೇಸ್ತ್ರಿ ಒಂದು ತಿಂಗಳು ರಜೆ ಹಾಕಿ ಊರಿಗೆ ಹೋದರು. ಅದೇ ಹೊತ್ತಿಗೆ ಮುನಿಸಿಪಾಲಿಟಿಯವರ ತಪಾಸಣೆ ಇದೆ ಎಂದು ಸುದ್ದಿ ಬಂತು. ಗೀರು ಬೀಳುವ ಗೋಡೆ ತೋರಿಸಿ ನಾನು ನಗೆಪಾಟಲಾಗಬೇಕೇ? ಅಂಗಳದ ಗೋಡೆಯ ಕೆಳಭಾಗದ ಸಂದಿಗಳನ್ನು ಕೆರೆಸಿ, ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು ಕಲಸಿ ಬಿಗಿಯಾಗಿ ತುಂಬಿಸಿದೆ. ಬಣ್ಣ ಬೇರೆ ಕಾಣದಂತೆ ಮೇಲೆ ತೆಳ್ಳಗೆ ಸುಣ್ಣದ ಲೇಪ ಹೊಡೆಸಿದೆ. ತಪಾಸಣೆಗೆ ಬಂದವರು ತಲೆಯಾಡಿಸಿ ಹೋದರು. ಆವತ್ತು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮೇಸ್ತ್ರಿ ವಾಪಸು ಬಂದವರು ಗೋಡೆಯ ಮೇಲೆ ಕೈ ಆಡಿಸಿದರು. ಬೆರಳಿನ ಗೆಣ್ಣಿನಿಂದ ತಟ್ಟಿದರು. ಅಷ್ಟರಲ್ಲೇ ಗೊತ್ತಾಯಿತು ಅವರಿಗೆ.

"ಸಾಹೇಬ್ರ, ಗ್ವಾಡಿ ಬಾಯಿ ಮುಚ್ಚೀರಿ. ಇಲ್ಲಿ ನೆಲದಾಗ ಉಪ್ಪುನೀರು ಐತಿ. ಅದು ಗ್ವಾಡಿ ಏರಿ, ಸಂದಿಯಿಂದ ಹೊರಗ ಹೋಗಿ ಆರ್ತಿತ್ತು. ಉಪ್ಪು ಸಂದ್ಯಾಗ ಕುಂತು ಗಾರೆ ಉದರಿದ್ರ ಮತ್ತ ತುಂಬಬಹುದು. ಈಗ ನೀರು ಕಲ್ಲಿನಾಗಿಂದನ ಹೊರಗ ಬರಬೇಕು. ಉಪ್ಪು ಕಲ್ಲನ್ನ ತಿಂತೈತಿ."

"ತಪಾಸಣೆ ಆಯ್ತು, ಖಲಾಸ್. ಇನ್ನು ಅದನ್ನು ಕೆದಕುದು ಬೇಡ" ಎಂದೆ. ಫೋರ್‌ಮನ್ ನಾನು. ಅವರು ಕರಣಿ ಎತ್ತಿಕೊಂಡು ಮುಂದಿನ ಗೋಡೆಗೆ ಹೋದರು.

ಒಂದು ಬೇಸಿಗೆ ಕಳೆಯಿತು. ತೇವದ ಗಾಳಿಯ ತಿಂಗಳುಗಳು ಮುಗಿಯುವಾಗ ಲೇಪ ಉಬ್ಬಿ ಹಪ್ಪಳದಂತೆ ಕಳಚಿತು. ಬಗ್ಗಿ ಒಳಗೆ ನೋಡಿದೆ. ನನ್ನ ಸಿಮೆಂಟ್ ಒಂದು ಚೂರೂ ಅಲುಗದೆ ಏಣು ಏಣಾಗಿ ನಿಂತಿದೆ. ಅದರ ನಡುವಿನ ಕಲ್ಲು ಬಿಳಿ ಉಪ್ಪು ಕಾರಿ, ಹಿಟ್ಟಾಗಿ ಒಳಕ್ಕೆ ಸವೆದಿದೆ. ಪಕ್ಕದಲ್ಲೇ ಮೇಸ್ತ್ರಿ ಸುಣ್ಣ ತುಂಬಿದ ಭಾಗದಲ್ಲಿ ಗಾರೆ ಅಲ್ಲಲ್ಲಿ ಪುಡಿಯಾಗಿತ್ತು, ಕಲ್ಲು ಹಾಗೇ ಇತ್ತು.

ಕೆಲಸದ ಉಸ್ತುವಾರಿಯ ಆರ್ಕಿಟೆಕ್ಟ್ ಮೇಡಂ ಬಂದರು. ಹಳೇ ಕಟ್ಟಡ ಅಂದರೆ ಪ್ರಾಣ ಬಿಡುವ ಹೆಂಗಸು. ಇದು ಯಾರ ಕೆಲಸ ಎಂದು ಕೇಳಿದರು. ಕಡತದಲ್ಲಿ ಆ ಗೋಡೆಗೆ ಮೇಸ್ತ್ರಿಯ ಹೆಸರಿತ್ತು. ಉತ್ತರದ ಕೋಣೆ ಇನ್ನೂ ಬಾಕಿಯಿತ್ತು. ಈಗಲೇ ಅವರನ್ನು ಕಳಿಸಿದರೆ, ಗೋಡೆ ಕೆಡಿಸಿದವನು ಎನ್ನಿಸಿಕೊಂಡು ಊರಿಗೆ ಹೋಗಬೇಕಿತ್ತು. ನಾನು ಕಡತದ ಹಾಳೆ ತಿರುವುತ್ತ ನಿಂತೆ. ಮೇಸ್ತ್ರಿ ಮುಂದೆ ಬಂದು ಮುರುಕು ಹಿಂದಿಯಲ್ಲಿ ಇದು ತಮ್ಮದೇ ಕೆಲಸ ಎಂದರು!

ಮನೆಗೆ ಹೋದೆ. ಹೆಂಡತಿಗೆ ಹೇಳಿದೆ. "ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುದಿಲ್ಲ, ನಾಳೆ ಹೋಗಿ ಹೇಳಿ" ಎಂದಳು. ಮಕ್ಕಳ ಸ್ಕೂಲು, ಫ್ಲಾಟಿನ ಬಾಡಿಗೆ ಎಲ್ಲ ಕಣ್ಣಮುಂದೆ ಬಂತು. ಆದರೂ ಬೆಳಿಗ್ಗೆ ಮೇಡಂ ಎದುರು ನಿಂತು, ಸಿಮೆಂಟ್ ತುಂಬಿಸಿದ್ದು ನಾನು, ಲೇಪ ಹೊಡೆಸಿ ಮುಚ್ಚಿದ್ದೂ ನಾನು ಎಂದು ಹೇಳಿದೆ.

ಸುಣ್ಣ ಗೊತ್ತಿದ್ದವನು ಹೀಗೆ ಮಾಡುವುದಿಲ್ಲ ಅಂತ ನನಗೆ ನಿನ್ನೆಯೇ ಗೊತ್ತಿತ್ತು, ನೀನು ಬರುತ್ತೀಯೋ ಇಲ್ಲವೋ ನೋಡುತ್ತಿದ್ದೆ ಎಂದರು ಮೇಡಂ. ಮೇಸ್ತ್ರಿಯೇ ಕೆಲಸ ಮುಗಿಸಲಿ, ಸಿಮೆಂಟ್ ನೀನು ಬಿಡಿಸು, ಅವರ ಕೈಯಾಳಾಗಿ, ಎಂದೂ ಹೇಳಿದರು.

ಮಾಡಿದ್ದುಣ್ಣೋ ಮಹಾರಾಯ. ಫೋರ್‌ಮನ್ ಟೋಪಿ ತೆಗೆದಿಟ್ಟು, ಸಣ್ಣ ಉಳಿ ಹಿಡಿದು ನೆಲದ ಮೇಲೆ ಕೂತೆ. ನಿಜ ಹೇಳಬೇಕೆಂದರೆ, ಈ ದೇಶದಲ್ಲಿ ನಾನು ಕಳೆದ ಒಳ್ಳೆಯ ದಿನಗಳು ಅವೇ. ಮಧ್ಯಾಹ್ನ ಗೋಡೆಯ ನೆರಳಲ್ಲಿ ಮೇಸ್ತ್ರಿಯ ಜೋಳದ ರೊಟ್ಟಿ, ಶೇಂಗಾ ಚಟ್ನಿ. ನನ್ನ ಡಬ್ಬಿಯ ಮೀನುಸಾರನ್ನು ಅವರು ಮುಟ್ಟುತ್ತಿರಲಿಲ್ಲ, ಮೂಗು ಮಾತ್ರ ಮುರಿಯುತ್ತಿದ್ದರು. ಆದರೆ ಸಿಮೆಂಟು ಕಲ್ಲನ್ನು ಕಚ್ಚಿ ಹಿಡಿದಿತ್ತು. ಎಷ್ಟು ಹುಷಾರಾಗಿ ತಟ್ಟಿದರೂ ಅಂಚು ಮುರಿದುಕೊಂಡೇ ಬರುತ್ತಿತ್ತು. ಈಗ ಸಮುದ್ರದಿಂದ ಹವಳ ಕೀಳುವಂತಿಲ್ಲ. ಹೋದ ಕಲ್ಲು ಹೋಯಿತು.

ಉತ್ತರದ ಕೋಣೆ ಮುಗಿಯಿತು. ಮೇಸ್ತ್ರಿ ಹೊರಡುವ ದಿನ ನಾನೇ ಕಾರಿನಲ್ಲಿ ಏರ್‌ಪೋರ್ಟಿಗೆ ಬಿಟ್ಟೆ. ದಾರಿಯಲ್ಲಿ ಕೇಳಿಯೇಬಿಟ್ಟೆ: "ಆವತ್ತು ನನ್ನ ತಪ್ಪನ್ನು ನೀವ್ಯಾಕೆ ಮೈಮೇಲೆ ಹಾಕಿಕೊಂಡ್ರಿ?"

ಅವರು ಮಡಿಲಲ್ಲಿದ್ದ ಚೀಲವನ್ನು ಕಾಲ ಬಳಿ ಇಟ್ಟರು.

"ನಮ್ಮೂರ ಭಾವಿ ಗ್ವಾಡಿ ನಮ್ಮಪ್ಪ ಕಟ್ಟಿದ್ರಿ, ಗಾರೆದಾಗ. ನಾ ಹರೇದ ವಯಸ್ಸಿನ್ಯಾಗ ಮುಂಬೈದಾಗ ಸಿಮೆಂಟ್ ಕಲ್ತು ಬಂದಿದ್ದೆ. ಅಪ್ಪ ಊರಾಗ ಇಲ್ಲದಾಗ, ಅವ ಬಂದು ನೋಡಿ ಶಾಬಾಸ್ ಅನ್ನಲಿ ಅಂತ ಸಂದಿಗೆಲ್ಲ ಸಿಮೆಂಟ್ ಮೆತ್ತಿದೆ, ಮ್ಯಾಲ ಸುಣ್ಣಾ ಬಳದೆ. ನಾಕು ಮಳಿಗಾಲಕ್ಕ ಕಲ್ಲು ಕಿತ್ಗೊಂಡು ಬಿದ್ವು. ಊರ ಮಂದಿ ಅಪ್ಪಗ ಬೈದ್ರು. ಅವನೂ ತನ್ನ ಗಾರೆನ ಕೆಟ್ಟಿತ್ತು ಅಂತ ತಿಳಕೊಂಡ. ಮತ್ತ ಕರಣಿ ಹಿಡೀಲಿಲ್ಲ. ಹಂಗ ಸತ್ತ."

ಏರ್‌ಪೋರ್ಟ್ ಬಂತು. ಗಾಡಿ ನಿಲ್ಲಿಸಿದೆ. ಡಿಕ್ಕಿಯಿಂದ ಪೆಟ್ಟಿಗೆ ಇಳಿಸುವಾಗ ಅವರು ನನ್ನ ಕೈ ಹಿಡಿದುಕೊಂಡರು.

"ನೀವು ಒಂದು ದಿನದಾಗ ಹೇಳಿಬಿಟ್ರಿ ಸಾಹೇಬ್ರ. ನನಗ ಅವ ಸಾಯೋತನಕಾ ಆಗಲಿಲ್ಲ."